ಹಸಿರು ದೀಪಕ್ಕೆ ಎಷ್ಟು ಓಮ್

ಡಿಪ್ಲೊಮಾ ಮುಗಿಸಿದ ವರ್ಷವೇ ನನಗೆ ತುರ್ಭೆಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವಿನ ಮಾತು. ತುರ್ಭೆಗೆ ಆಗ ರೈಲು ಇರಲಿಲ್ಲ. ಡೊಂಬಿವ್ಲಿಯಿಂದ ಠಾಣೆಯವರೆಗೆ ಲೋಕಲ್, ಅಲ್ಲಿಂದ ಮುಂದೆ ಬಸ್ಸು. ಬಸ್ಸಿಳಿದು ಲಾರಿಗಳ ನಡುವೆ ಹತ್ತು ನಿಮಿಷ ನಡೆದರೆ ನಮ್ಮ ಗಾಳಾ, ಅಂದರೆ ಸಣ್ಣ ಕಾರ್ಖಾನೆಯ ಶೆಡ್ಡು. ಮುಂದೊಂದು ಆಫೀಸು, ಹಿಂದೆ ಉದ್ದನೆಯ ಎರಡು ಟೇಬಲ್ಲು, ಟೇಬಲ್ಲಿನ ಎರಡೂ ಬದಿಗೆ ಸೋಲ್ಡರಿಂಗ್ ಮಾಡುವ ಹೆಂಗಸರು. ಎಲ್ಲ ಸೇರಿ ಹನ್ನೊಂದು ಮಂದಿ ಇದ್ದೆವು.

ನಾವು ಆಸ್ಪತ್ರೆಗಳಿಗೆ ಒಂದು ಸಣ್ಣ ಯಂತ್ರ ಮಾಡುತ್ತಿದ್ದೆವು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರಲ್ಲ, ಆ ಕೂಸಿನ ಹೊಟ್ಟೆಯ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮಣಿ ಅಂಟಿಸಬೇಕು. ಮೈ ಬಿಸಿ ಏರಿದರೆ ಅಥವಾ ಇಳಿದರೆ ಯಂತ್ರದ ಕೆಂಪು ದೀಪ ಹತ್ತಿ ಪೀಂ ಎಂದು ಕೂಗುತ್ತದೆ. ಎಲ್ಲ ಸರಿಯಿದ್ದರೆ ಹಸಿರು ದೀಪ ಸುಮ್ಮನೆ ಉರಿಯುತ್ತಿರುತ್ತದೆ. ಹಸಿರು ಇದೆ ಅಂದರೆ ಯಂತ್ರ ಎಚ್ಚರವಿದೆ, ಕೂಸನ್ನು ನೋಡುತ್ತಿದೆ ಅಂತ ಅರ್ಥ.

ಕಾರ್ಖಾನೆಯ ಮಾಲೀಕರೇ ಎಂಜಿನಿಯರು. ಪುಣೆಯ ಕಡೆಯ ಮರಾಠಿ ಮನುಷ್ಯ, ಐವತ್ತರ ಆಸುಪಾಸು. ಎಲ್ಲರಿಗೂ ಅವರು ಸರ್. ಸರ್ಕಿಟ್ ಬರೆಯುವವರು ಅವರು. ಬರೆದದ್ದನ್ನು ಇನ್ನೊಬ್ಬರು ನೋಡಿ ಸರಿ ಎಂದ ಮೇಲೆಯೇ ಅದು ಟೇಬಲ್ಲಿಗೆ ಹೋಗಬೇಕೆಂಬುದು ಅವರೇ ಮಾಡಿದ ನಿಯಮ. ಆ ಇನ್ನೊಬ್ಬಳು ನಾನು. ಹಾಳೆಯ ಕೆಳಗೆ ಎರಡು ಚೌಕಗಳಿದ್ದವು. ಒಂದರಲ್ಲಿ ಬರೆದವರ ಸಹಿ, ಇನ್ನೊಂದರಲ್ಲಿ ತಾಳೆ ನೋಡಿದವರ ಸಹಿ. ಇಪ್ಪತ್ತೆರಡು ವರ್ಷದ ಹುಡುಗಿ ಸರ್ ಬರೆದದ್ದಕ್ಕೆ ಸಹಿ ಹಾಕುವುದು ನನಗೆ ದೊಡ್ಡ ಮರ್ಯಾದೆಯಾಗಿ ಕಾಣುತ್ತಿತ್ತು. ಮನೆಯಲ್ಲಿ ಅಪ್ಪನಿಗೆ ಹೇಳಿದಾಗ, "ಹಂಗಾರ ಅವರದು ತಪ್ಪಿದ್ರ ನೀ ಹೇಳ್ತೀಯೇನು?" ಎಂದು ಕೇಳಿದ್ದರು. ಅವರು ಯಾಕೆ ತಪ್ಪುತ್ತಾರೆ ಎಂದು ನಾನು ನಕ್ಕುಬಿಟ್ಟಿದ್ದೆ.

ಟೇಬಲ್ಲಿನ ತುದಿಯಲ್ಲಿ ಕೂರುತ್ತಿದ್ದವರು ಕುಂದಾಪುರದ ಕಡೆಯ ಒಬ್ಬ ಹೆಂಗಸು. ನಲವತ್ತು ದಾಟಿತ್ತು. ಗಂಡ ಹೋಟೆಲಿನಲ್ಲಿ ಅಡುಗೆಯವರು. ಇಡೀ ಕಾರ್ಖಾನೆಯಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ಮಧ್ಯಾಹ್ನದ ಡಬ್ಬಿ ಒಟ್ಟಿಗೇ ಬಿಚ್ಚುತ್ತಿದ್ದೆವು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನನ್ನ ರೊಟ್ಟಿ ಅವರಿಗೆ ಗಟ್ಟಿ, ಅವರ ಕುಚ್ಚಲಕ್ಕಿ ಅನ್ನ ನನಗೆ ದಪ್ಪ. ಆದರೂ ದಿನವೂ ಬದಲಾಯಿಸಿಕೊಳ್ಳುತ್ತಿದ್ದೆವು. ಅವರ ಕೈ ಬಹಳ ಚೊಕ್ಕ. ಅವರು ಬೆಸೆದ ಬೋರ್ಡು ತಿರುಗಿಸಿ ನೋಡಿದರೆ ಬೆಸುಗೆಯ ಒಂದೊಂದು ಚುಕ್ಕೆಯೂ ಒಂದೇ ಅಳತೆ, ಒಂದೇ ಹೊಳಪು.

ಆ ವರ್ಷ ಸರ್ ಯಂತ್ರವನ್ನು ಸುಧಾರಿಸಿದರು. ಹಳೆಯದು ಐದು ವೋಲ್ಟಿನಲ್ಲಿ ನಡೆಯುತ್ತಿತ್ತು. ಅಷ್ಟು ವೋಲ್ಟೇಜಿಗೆ ಆ ಮಣಿಯೇ ತನ್ನೊಳಗೆ ಚೂರು ಬಿಸಿಯಾಗಿ ಕೂಸಿನ ಬಿಸಿಯ ಜೊತೆಗೆ ತನ್ನದನ್ನೂ ಸೇರಿಸಿ ಹೇಳುತ್ತದೆ ಎಂಬುದು ಅವರ ತಲೆನೋವು. ಅದಕ್ಕಾಗಿ ಮೂರು ಪಾಯಿಂಟ್ ಮೂರು ವೋಲ್ಟಿಗೆ ಇಳಿಸಿದರು. ಬೇಕಾದ ವೋಲ್ಟೇಜಿಗೆ ಹೊಂದಿಸಿಕೊಳ್ಳಬಹುದಾದ ರೆಗ್ಯುಲೇಟರ್ ಆಗ ಸಿಗುತ್ತಿತ್ತು, ಅದನ್ನು ಹಾಕಿದರು. ಹಸಿರು ದೀಪವನ್ನೂ ಬೇಕೆಂದೇ ಅದೇ ಲೈನಿಗೆ ಕೊಟ್ಟರು, ಆ ಲೈನ್ ಸತ್ತರೆ ದೀಪವೂ ಸಾಯಲಿ ಎಂದು. ಹಳೆಯ ಯಂತ್ರದಲ್ಲಿ ಆ ಜಾಗದಲ್ಲಿದ್ದದ್ದು ಕೆಂಪು ಎಲ್‌ಇಡಿ. ಹೊಸದರಲ್ಲಿ ಹಸಿರು ಮಾಡಿದರು, ಅಪಾಯಕ್ಕೆ ಮಾತ್ರ ಕೆಂಪಿರಲಿ ಎಂದು. ಎಲ್ಲವೂ ಒಳ್ಳೆಯ ಯೋಚನೆಗಳೇ.

ಎಲ್‌ಇಡಿಯನ್ನು ನೇರವಾಗಿ ಸಪ್ಲೈಗೆ ಜೋಡಿಸುವಂತಿಲ್ಲ, ಹರಿಯುವ ಕರೆಂಟಿಗೆ ಲಗಾಮಿಲ್ಲದೆ ಸುಟ್ಟುಹೋಗುತ್ತದೆ. ಅದರ ಜೊತೆ ಸಾಲಿನಲ್ಲಿ ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್ ಬೇಕು. ಲೆಕ್ಕ ಸರಳ. ಸಪ್ಲೈಯಿಂದ ದೀಪ ತನಗೆ ಹಿಡಿದಿಟ್ಟುಕೊಳ್ಳುವ ವೋಲ್ಟೇಜು ಕಳೆದು, ಉಳಿದದ್ದನ್ನು ನಮಗೆ ಬೇಕಾದ ಕರೆಂಟಿನಿಂದ ಭಾಗಿಸಿದರೆ ಆ ತಡೆ ಎಷ್ಟು ಓಮ್ ಇರಬೇಕೆಂದು ಬರುತ್ತದೆ. ಡಿಪ್ಲೊಮಾದ ಮೊದಲ ವರ್ಷದ ಪಾಠ. ನಾವು ಆರಿಸಿಕೊಂಡ ಕರೆಂಟು ಹತ್ತು ಮಿಲಿಆಂಪಿಯರ್. ಹಾಳೆಯಲ್ಲೂ ಅದನ್ನೇ ಬರೆದಿದ್ದರು. ರೆಸಿಸ್ಟರಿನ ಪಕ್ಕ ಮುನ್ನೂರ ಮೂವತ್ತು ಓಮ್ ಎಂದಿತ್ತು.

ಆ ಅಂಕಿ ನನಗೆ ಪರಿಚಯದ ಮುಖದ ಹಾಗಿತ್ತು. ಹಳೆಯ ಯಂತ್ರದಲ್ಲೂ ಅದೇ ಜಾಗದಲ್ಲಿ ಅದೇ ಅಂಕಿ. ನೋಡಿದೆ, ಸಹಿ ಹಾಕಿದೆ.

ಮೊದಲ ಕಂತಿನಲ್ಲಿ ನಲವತ್ತು ಬೋರ್ಡುಗಳಾದವು. ಆರು ಯಂತ್ರ ಠಾಣೆಯ ನೌಪಾಡಾದ ಒಂದು ನರ್ಸಿಂಗ್ ಹೋಮಿಗೆ ಹೋದವು. ಎರಡು ವಾರ ಕಳೆದ ಮೇಲೆ ಒಂದು ಯಂತ್ರ ವಾಪಸ್ ಬಂತು. ಜೊತೆಗೆ ಚೀಟಿ: ದೀಪ ಹತ್ತುವುದಿಲ್ಲ. ಉಳಿದ ಐದನ್ನೂ ಅವರು ಬಳಸುವುದು ಬಿಟ್ಟು ಮತ್ತೆ ಥರ್ಮಾಮೀಟರ್ ಇಡುತ್ತಿದ್ದಾರೆಂದು ಸರ್‌ಗೆ ಫೋನಿನಲ್ಲಿ ತಿಳಿಯಿತು. ಅವರು ಟೇಬಲ್ಲಿನ ಬಳಿ ನಿಂತೇ ಯಂತ್ರ ಬಿಚ್ಚಿ ಕರೆಂಟು ಕೊಟ್ಟರು. ಹಸಿರು ದೀಪ ಹತ್ತಿತ್ತು, ಆದರೆ ಹತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಿತ್ತು. ಕಿಟಕಿಯ ಬಿಸಿಲು ಬೀಳುವ ಕಡೆ ತಿರುಗಿಸಿದರೆ ಪೂರ್ತಿ ಸತ್ತಂತೆ.

ಸರ್ ಎಷ್ಟು ಓಮ್ ಎಂದು ಹೇಳುವ ರೆಸಿಸ್ಟರಿನ ಬಣ್ಣದ ಪಟ್ಟಿ ನೋಡಿದರು. ಕಿತ್ತಳೆ, ಕಿತ್ತಳೆ, ಕಂದು. ಮುನ್ನೂರ ಮೂವತ್ತು.

"ಇದು ಹಳೇ ಯಂತ್ರದ ಮಾಲು," ಎಂದು ಅವರು ಅಕ್ಕನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು. "ಹಳೇ ಡಬ್ಬಿಯಿಂದ ತೆಗೆದು ಹಾಕಿಬಿಟ್ಟಿದ್ದೀರಿ. ನಲವತ್ತಕ್ಕೂ!"

ಅಕ್ಕ ಎದ್ದು ನಿಂತರು. "ಹಾಳೆಯಲ್ಲಿ ಇದ್ದದ್ದೇ ಹಾಕಿದ್ದು ಸರ್," ಎಂದರು. ಅವರ ಹಿಂದಿ ಅಷ್ಟಕ್ಕಷ್ಟೆ. ಅದರಲ್ಲಿ ಆ ಮಾತು ಬಹಳ ಸಣ್ಣದಾಗಿ ಕೇಳಿಸಿತು.

ಸರ್‌ಗೆ ಪುಣೆಯ ಗಾಡಿಗೆ ಹೊತ್ತಾಗಿತ್ತು. ನಾಡಿದ್ದು ಬಂದು ಹಾಳೆ ನೋಡುತ್ತೇನೆ, ಅಲ್ಲಿಯವರೆಗೆ ಇವರಿಗೆ ಸೋಲ್ಡರಿಂಗ್ ಬೇಡ, ಯಂತ್ರದ ಡಬ್ಬಿ ಒರೆಸಲಿ ಎಂದು ನನಗೆ ಹೇಳಿ ಹೊರಟರು. ಎಲ್ಲ ಹೆಂಗಸರ ಮುಂದೆ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಹೂಂ ಎಂದೆ.

ಹೂಂ ಎನ್ನುವಾಗಲೇ ನನಗೆ ಗೊತ್ತಿತ್ತು. ಕಿತ್ತಳೆ ಕಿತ್ತಳೆ ಕಂದು ಎಂದು ಅವರು ಓದಿದ ಕ್ಷಣವೇ ಹಾಳೆಯಲ್ಲಿದ್ದದ್ದೂ ಅದೇ ಎಂದು ನೆನಪಾಗಿತ್ತು. ಹಾಳೆಗಳ ಬೀರುವಿನ ಬೀಗದಕೈ ನನ್ನ ಬಳಿ ಇರುತ್ತಿತ್ತು. ಎಲ್ಲರೂ ಊಟಕ್ಕೆ ಎದ್ದಾಗ ತೆಗೆದೆ. ಟ್ರೇಸಿಂಗ್ ಕಾಗದದ ಮೂಲ ಹಾಳೆ. ಸಪ್ಲೈ ಲೈನಿನ ಮೇಲೆ ಹೊಸದಾಗಿ ಬರೆದ ಮೂರು ಪಾಯಿಂಟ್ ಮೂರು. ರೆಸಿಸ್ಟರಿನ ಪಕ್ಕ ಮುನ್ನೂರ ಮೂವತ್ತು. ಕೆಳಗೆ ನನ್ನ ಸಹಿ, ಸೊಗಸಾಗಿ, ಕೊನೆಯಲ್ಲಿ ಒಂದು ಗೆರೆ ಎಳೆದು.

ಆ ಕಾಗದದ ಮೇಲೆ ಶಾಯಿ ತಪ್ಪಾದರೆ ಬ್ಲೇಡಿನಿಂದ ಹಗುರಾಗಿ ಕೆರೆದು ಮತ್ತೆ ಬರೆಯುವುದು ನಮ್ಮಲ್ಲಿ ರೂಢಿ. ಆಮೇಲೆ ಹೊಸ ಪ್ರಿಂಟ್ ತೆಗೆದರೆ ಯಾರಿಗೂ ತಿಳಿಯುವುದಿಲ್ಲ. ಟೇಬಲ್ಲಿನಲ್ಲಿರುವ ಹಳೆಯ ಪ್ರಿಂಟ್ ಅಕ್ಕನ ಹತ್ತಿರ ಒಂದೇ ಇತ್ತು, ಎಣ್ಣೆ ಕಲೆ ಹತ್ತಿದ್ದು, ಹಾಳಾಗಿದೆ ಕೊಡಿ ಎಂದರೆ ಕೊಟ್ಟುಬಿಡುತ್ತಿದ್ದರು. ಬ್ಲೇಡು ಡ್ರಾಯರಿನಲ್ಲಿತ್ತು. ನಾನು ಅದನ್ನು ಹೊರಗೆ ತೆಗೆದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಎಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದೆನೋ ಗೊತ್ತಿಲ್ಲ. ನನ್ನನ್ನು ತಡೆದದ್ದು ದೊಡ್ಡ ನ್ಯಾಯಬುದ್ಧಿಯೇನಲ್ಲ. ಕೆರೆದ ಮೇಲೆ ಅಲ್ಲಿ ಏನು ಬರೆಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಲೆಕ್ಕ ಮಾಡಬೇಕಿತ್ತು, ಮೊದಲ ದಿನವೇ ಮಾಡಬೇಕಿದ್ದ ಲೆಕ್ಕ.

ಬ್ಲೇಡು ಒಳಗಿಟ್ಟು ಪೆನ್ಸಿಲ್ ತೆಗೆದೆ. ಐದು ವೋಲ್ಟಿಗೆ ಹಳೆಯದು ಸರಿಯೇ ಇತ್ತು. ಐದರಲ್ಲಿ ಕೆಂಪು ದೀಪದ ಒಂದು ಪಾಯಿಂಟ್ ಎಂಟು ಕಳೆದರೆ ಮೂರು ಪಾಯಿಂಟ್ ಎರಡು, ಅದನ್ನು ಮುನ್ನೂರ ಮೂವತ್ತರಿಂದ ಭಾಗಿಸಿದರೆ ಸುಮಾರು ಹತ್ತು ಮಿಲಿಆಂಪಿಯರ್. ಈಗ ಸಪ್ಲೈ ಮೂರು ಪಾಯಿಂಟ್ ಮೂರು. ಒಂದು ಪಾಯಿಂಟ್ ಎಂಟು ಕಳೆದರೆ ಉಳಿದದ್ದು ಒಂದೂವರೆ ವೋಲ್ಟ್. ಹತ್ತು ಮಿಲಿಆಂಪಿಯರ್ ಬೇಕಾದರೆ ನೂರ ಐವತ್ತು ಓಮ್. ನಾವು ಹಾಕಿದ್ದು ಅದರ ದುಪ್ಪಟ್ಟಿಗಿಂತ ಹೆಚ್ಚು. ಎರಡು ನಿಮಿಷದ ಕೆಲಸ. ಸಹಿಯ ಕೊನೆಗೆ ಗೆರೆ ಎಳೆಯುವಷ್ಟೇ ಹೊತ್ತು.

ಊಟದ ಡಬ್ಬಿ ಹಿಡಿದು ಅಕ್ಕನ ಹತ್ತಿರ ಹೋದೆ. ಅವರು ಒಬ್ಬರೇ ಕೂತಿದ್ದರು, ಮುಂದೆ ಒರೆಸಿದ ಪ್ಲಾಸ್ಟಿಕ್ ಡಬ್ಬಿಗಳ ಸಾಲು.

"ಅಕ್ಕಾ, ತಪ್ಪು ನಂದದ. ಹಾಳ್ಯಾಗ ಮುನ್ನೂರ ಮೂವತ್ತೇ ಐತಿ. ನಾ ಲೆಕ್ಕಾ ಮಾಡದನ ಸಹಿ ಹಾಕೀನಿ."

ಅವರು ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಹಾಳೆಯಲ್ಲಿ ಅದೇ ಇತ್ತಂತ ನಂಗೊತ್ತಿತ್ತಲ್ಲ ಮಾರಾಯ್ತಿ," ಎಂದರು ಕೊನೆಗೆ. "ಸರ್ ಹೇಳುವಾಗ ನೀನೂ ಅಲ್ಲೇ ಇದ್ದೆ."

ಬೈದಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿದೆ.

"ಸರ್ ಬಂದ ಕೂಡಲೆ ಹೇಳ್ತೀನಿ. ಎಲ್ಲಾರ ಮುಂದನ ಹೇಳ್ತೀನಿ."

"ಹೇಳು," ಎಂದರು. ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, "ನಂದೂ ಒಂದು ಉಂಟು," ಎಂದರು. "ಮೊದಲನೇ ಬೋರ್ಡಿಗೆ ಕರೆಂಟು ಕೊಟ್ಟಾಗಲೇ ನಂಗೆ ಕಂಡಿತ್ತು, ಇದೆಂತ ಇಷ್ಟು ಸಪ್ಪೆ ಅಂತ. ಕೇಳುವ ಅಂತ ಮಾಡಿದೆ. ಮತ್ತೆ ಹಾಳೆಯಲ್ಲಿ ನಿನ್ನ ಸಹಿ ಕಂಡಿತು. ಕಲಿತವರು ನೋಡಿದ್ದಾರೆ, ಹೀಗೇ ಇರಬೇಕೇನೋ ಅಂತ ಸುಮ್ಮನಾದೆ."

ಅದು ನನ್ನನ್ನು ಬಿಡಿಸಲಿಕ್ಕೆ ಹೇಳಿದ ಮಾತಾಗಿರಲಿಲ್ಲ, ನಿಜವಾಗಿಯೂ ಅವರ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಆದರೆ ಆ ದಿನ ಸಂಜೆಯ ಲೋಕಲಿನಲ್ಲಿ ನಾನು ಬಾಗಿಲ ಬಳಿ ನಿಂತು ಅದನ್ನೇ ಮತ್ತೆ ಮತ್ತೆ ಯೋಚಿಸಿದೆ. ನಾನು ಸರ್ ಬರೆದಿದ್ದಾರೆಂದು ನೋಡಲಿಲ್ಲ. ಅಕ್ಕ ನಾನು ನೋಡಿದ್ದೇನೆಂದು ಕೇಳಲಿಲ್ಲ. ಇದ್ದದ್ದನ್ನು ಸರಿಯಾಗಿ ಕಂಡದ್ದು ಅವರ ಕಣ್ಣು, ಅವರ ಬಾಯಿ ಮುಚ್ಚಿಸಿದ್ದು ನನ್ನ ಸಹಿ. ತಪ್ಪು ಸಹಿಯಿಂದ ಒಂದು ತಪ್ಪು ಉಳಿಯುತ್ತದೆ ಎಂದು ನಾನು ತಿಳಿದಿದ್ದೆ. ಅದು ಇನ್ನೊಬ್ಬರ ಅನುಮಾನವನ್ನೂ ಕೊಲ್ಲುತ್ತದೆ ಎಂದು ಗೊತ್ತಿರಲಿಲ್ಲ.

ಮೂರನೇ ದಿನ ಸರ್ ಬಂದರು. ಬ್ಯಾಗು ಇಡುವ ಮೊದಲೇ ನಾನು ಹಾಳೆ ಹಿಡಿದು ನಿಂತೆ. ಟೇಬಲ್ಲಿನ ಬಳಿಯೇ ನಿಂತೆ, ಆಫೀಸಿನೊಳಗಲ್ಲ. ಮರಾಠಿಯಲ್ಲಿ ಹೇಳಿದೆ. ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯಗಳು ನಡುವೆ ಎಲ್ಲೋ ತಪ್ಪಿದವು. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು.

"ಇದನ್ನು ಬರೆದದ್ದು ಯಾರು?" ಎಂದು ಕೇಳಿದರು.

"ನೀವು, ಸರ್."

"ಹಳೆಯದನ್ನು ಕೆಳಗಿಟ್ಟು ಮೇಲೆ ಕಾಗದ ಹಾಸಿ ಎಳೆದೆ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. "ವೋಲ್ಟೇಜು ಬದಲಾಯಿಸಿದೆ. ಇದನ್ನು ಬಿಟ್ಟೆ."

ಆಮೇಲೆ ಅಕ್ಕ ಕೂತಿದ್ದ ಕಡೆ ನಡೆದು ಹೋದರು. ಉಳಿದ ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿದ್ದರು. "ಬಾಯಿ, ಚೂಕ್ ಮಾಝೀ ಹೋತಿ," ಎಂದರು. ತಪ್ಪು ನನ್ನದಿತ್ತು ಎಂದಷ್ಟೇ. ಅದಕ್ಕೆ ಮುಂದೂ ಹಿಂದೂ ಏನೂ ಸೇರಿಸಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ಒರೆಸುವ ಬಟ್ಟೆ ಕೆಳಗಿಟ್ಟು ಸೋಲ್ಡರಿಂಗ್ ಕಡ್ಡಿಯ ಸ್ವಿಚ್ ಹಾಕಿದರು.

ನಾನು ನನ್ನ ಹೊಸ ಲೆಕ್ಕ ಮುಂದಿಟ್ಟೆ. ನೂರ ಐವತ್ತು ಓಮ್. ಈ ಸಲ ಎರಡು ಬಾರಿ ಮಾಡಿದ್ದೆ. ಸರ್ ನೋಡಿ, "ಭಾಗಾಕಾರ ಸರಿ," ಎಂದರು. "ಈ ಒಂದು ಪಾಯಿಂಟ್ ಎಂಟು ಎಲ್ಲಿಂದ ತಂದೆ?"

"ಎಲ್‌ಇಡಿಗೆ ಅಷ್ಟೇ ಅಲ್ಲವೇ ಸರ್?"

"ಯಾವ ಎಲ್‌ಇಡಿಗೆ?"

ನಾನು ಮತ್ತೆ ಅಲ್ಲೇ ಎಡವಿದ್ದೆ. ಒಂದು ಪಾಯಿಂಟ್ ಎಂಟು ಕೆಂಪು ದೀಪದ್ದು. ಕಾಲೇಜಿನ ಪುಸ್ತಕದ್ದು. ನಮ್ಮದು ಹಸಿರು.

"ಐದೋ ಹನ್ನೆರಡೋ ವೋಲ್ಟಿದ್ದಾಗ ಇದು ಅಷ್ಟು ಕಾಡುವುದಿಲ್ಲ," ಎಂದರು ಸರ್, ಸ್ಟೂಲಿನ ಮೇಲೆ ಕೂತು. ಅವರಿಗೆ ಈಗ ಸಿಟ್ಟಿರಲಿಲ್ಲ, ಪಾಠ ಹೇಳುವ ಹುರುಪು ಬಂದಿತ್ತು. "ಹನ್ನೆರಡರಲ್ಲಿ ಒಂದು ಪಾಯಿಂಟ್ ಎಂಟು ಕಳೆದರೂ ಎರಡು ಪಾಯಿಂಟ್ ಒಂದು ಕಳೆದರೂ ಉಳಿಯುವುದು ಹತ್ತರ ಹತ್ತಿರವೇ. ಇಲ್ಲಿ ಇರುವುದೇ ಮೂರು ಪಾಯಿಂಟ್ ಮೂರು. ಅರ್ಧಕ್ಕಿಂತ ಹೆಚ್ಚು ದೀಪವೇ ತಿಂದುಬಿಡುತ್ತದೆ. ಉಳಿದ ಒಂಚೂರಿನಲ್ಲಿ ಸೊನ್ನೆ ಪಾಯಿಂಟ್ ಮೂರು ಆಚೀಚೆಯಾದರೆ ಅದು ದೊಡ್ಡದು. ಪುಸ್ತಕ ಬಿಡು, ದೀಪವನ್ನೇ ಕೇಳು."

ಕೇಳಿದೆವು. ಮೊದಲು ವಾಪಸ್ ಬಂದ ಬೋರ್ಡು. ನಾನು ಮೀಟರಿನ ಎರಡು ಕಡ್ಡಿಗಳನ್ನು ರೆಸಿಸ್ಟರಿನ ಎರಡು ತುದಿಗೆ ಮುಟ್ಟಿಸಿದೆ. ಒಂದು ಪಾಯಿಂಟ್ ಮೂರು ವೋಲ್ಟ್. ಮುನ್ನೂರ ಮೂವತ್ತರಿಂದ ಭಾಗಿಸಿದರೆ ನಾಲ್ಕು ಮಿಲಿಆಂಪಿಯರ್. ಹತ್ತು ಎಂದು ಬರೆದು ನಾಲ್ಕು ಕೊಟ್ಟಿದ್ದೆವು. ಅಂದಿನ ಹಸಿರು ದೀಪಗಳಿಗೆ ಹತ್ತೇ ಕಡಿಮೆ ಎನ್ನಬಹುದಿತ್ತು. ಆಮೇಲೆ ಅಕ್ಕ ಅದನ್ನು ಬಿಚ್ಚಿ ನನ್ನ ನೂರ ಐವತ್ತನ್ನು ಹಾಕಿದರು. ದೀಪ ಚೆನ್ನಾಗಿಯೇ ಹತ್ತಿತು. ಆದರೆ ಮೀಟರು ಒಂದು ಪಾಯಿಂಟ್ ಎರಡು ಎಂದಿತು. ಎಂಟು ಮಿಲಿಆಂಪಿಯರ್. ಬರಿಗಣ್ಣಿಗೆ ಗೊತ್ತಾಗದಿದ್ದರೂ ಬರೆದದ್ದು ಎಂಟಲ್ಲ, ಹತ್ತು.

ದೀಪದ ಎರಡು ಕಾಲುಗಳಿಗೆ ಮೀಟರ್ ಹಿಡಿದರೆ ಎರಡು ಪಾಯಿಂಟ್ ಒಂದು. ಡಬ್ಬಿಯಿಂದ ಬೇರೆ ಹತ್ತು ದೀಪ ತೆಗೆದು ಒಂದೊಂದನ್ನೂ ಅಳೆದೆವು. ಕೆಲವು ಎರಡಕ್ಕೆ ಹತ್ತಿರ, ಒಂದು ಎರಡು ಪಾಯಿಂಟ್ ಎರಡರಾಚೆ, ಹೆಚ್ಚಿನವು ಎರಡು ಪಾಯಿಂಟ್ ಒಂದರಲ್ಲೇ. ಆಗ ಹೊಸದಾಗಿ ಬರೆದೆ. ಮೂರು ಪಾಯಿಂಟ್ ಮೂರರಲ್ಲಿ ಎರಡು ಪಾಯಿಂಟ್ ಒಂದು ಕಳೆದರೆ ಒಂದು ಪಾಯಿಂಟ್ ಎರಡು. ಹತ್ತು ಮಿಲಿಆಂಪಿಯರಿಗೆ ನೂರ ಇಪ್ಪತ್ತು ಓಮ್. ಅಂಗಡಿಯಲ್ಲಿ ಸಿಗುವ ಅಂಕಿಯೇ. ಅದರಲ್ಲಿ ಹುಟ್ಟುವ ಬಿಸಿ ಒಂದು ವಾಟಿನ ನೂರರಲ್ಲೊಂದು ಪಾಲು ಚಿಲ್ಲರೆ, ಕಾಲು ವಾಟಿನ ರೆಸಿಸ್ಟರಿಗೆ ಅದು ಲೆಕ್ಕಕ್ಕಿಲ್ಲ.

"ಎಲ್ಲ ಒಟ್ಟಿಗೆ ಕೆಟ್ಟರೆ?" ಎಂದರು ಸರ್.

ಅದನ್ನೂ ಬರೆದೆ. ಸಪ್ಲೈ ಐದು ಪರ್ಸೆಂಟ್ ಮೇಲೆ, ರೆಸಿಸ್ಟರ್ ಐದು ಪರ್ಸೆಂಟ್ ಕೆಳಗೆ, ದೀಪ ಎರಡೇ ವೋಲ್ಟಿನದು. ಆಗಲೂ ಹದಿಮೂರು ಮಿಲಿಆಂಪಿಯರಿನ ಒಳಗೇ. ಆ ದೀಪ ಇಪ್ಪತ್ತನ್ನು ಆರಾಮಾಗಿ ತಾಳುತ್ತಿತ್ತು.

ಅಕ್ಕ ನೂರ ಇಪ್ಪತ್ತನ್ನು ಬೆಸೆದರು. ಕಂದು, ಕೆಂಪು, ಕಂದು. ನಾನು ಕಡ್ಡಿ ಮುಟ್ಟಿಸಿದೆ. ಒಂದು ಪಾಯಿಂಟ್ ಎರಡು. ಅಕ್ಕ ಬೋರ್ಡನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದು, "ಈಗ ಜೀವ ಬಂತು," ಎಂದರು. ನಂತರ ನನ್ನ ಹಾಳೆ ಎಳೆದುಕೊಂಡು, "ಇದು ಯಾವುದರಲ್ಲಿ ಯಾವುದು ಕಳೆದದ್ದು, ನಂಗೂ ಹೇಳು," ಎಂದರು. ಏಳನೆಯವರೆಗೆ ಓದಿದ್ದರು. ಹೇಳಿಕೊಟ್ಟೆ. ಡಬ್ಬಿಯ ಮುಚ್ಚಳದ ಹಿಂದೆ ಪೆನ್ಸಿಲಿನಲ್ಲಿ ತಾವೇ ಒಮ್ಮೆ ಮಾಡಿ ನೋಡಿದರು, ದಶಾಂಶದ ಚುಕ್ಕೆ ಒಂದು ಮನೆ ತಪ್ಪಿ ಹನ್ನೆರಡು ಬಂತು. ಇಬ್ಬರೂ ನಕ್ಕೆವು. ಎರಡನೆಯ ಸಲ ಸರಿ ಬಂತು.

ಸರ್ ಹಾಳೆಯ ನಮೂನೆಯನ್ನೇ ಬದಲಾಯಿಸಿದರು. ತಾಳೆ ನೋಡುವವರ ಚೌಕ ದೊಡ್ಡದಾಯಿತು. ಅದರಲ್ಲಿ ಸಹಿಗಿಂತ ಮೊದಲು ನನ್ನದೇ ಲೆಕ್ಕ, ಆಮೇಲೆ ಮೀಟರು ಹೇಳಿದ ಅಂಕಿ ಬರೆಯಬೇಕು. ಟೇಬಲ್ಲಿನವರಿಗೂ ಒಂದು ಗೆರೆ ಬಂತು: ಕಂಡದ್ದು ಏನಾದರೂ ಇದ್ದರೆ. ಮೊದಲ ತಿಂಗಳು ಆ ಗೆರೆಯಲ್ಲಿ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅಕ್ಕ ಕನ್ನಡದಲ್ಲೇ ಬರೆಯತೊಡಗಿದರು. ಸರ್‌ಗೆ ನಾನು ಓದಿ ಹೇಳುತ್ತಿದ್ದೆ.

ನರ್ಸಿಂಗ್ ಹೋಮಿನಲ್ಲಿದ್ದ ಐದನ್ನೂ ತರಿಸಿಕೊಂಡು ನಲವತ್ತು ಬೋರ್ಡು ಸರಿಮಾಡಲು ಎರಡು ದಿನ ಹಿಡಿಯಿತು. ನೌಪಾಡಾಕ್ಕೆ ಯಂತ್ರಗಳನ್ನು ನಾನೇ ತೆಗೆದುಕೊಂಡು ಹೋದೆ. ಬೇರೆ ಯಾರಾದರೂ ಹೋಗಬಹುದಿತ್ತು, ನಾನೇ ಕೇಳಿಕೊಂಡೆ. ಕೂಸುಗಳ ಕೋಣೆಯ ಸಿಸ್ಟರ್ ವಯಸ್ಸಾದವರು, ಕೇರಳದವರು, ಹಿಂದಿಯಲ್ಲಿ ಮಾತಾಡಿದರು. ಕೋಣೆಗೆ ದೊಡ್ಡ ಕಿಟಕಿ, ಬೆಳಗಿನ ಬಿಸಿಲು ಪೆಟ್ಟಿಗೆಗಳ ಮೇಲೆಯೇ ಬೀಳುತ್ತಿತ್ತು. "ಕೈ ಅಡ್ಡ ಹಿಡಿದು ದೀಪ ನೋಡುತ್ತಿದ್ದೆ, ಪ್ರತಿಸಲ ಆಗುವುದಿಲ್ಲವಲ್ಲ, ಒಂದು ದಿನ ಮೂರು ಸಲ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ," ಎಂದರು. ಆ ಮೂರು ಸಲ ಯಂತ್ರ ಸರಿಯಾಗಿಯೇ ಇತ್ತು. ಸರಿಯಿದ್ದ ಯಂತ್ರವನ್ನು ಅವರು ನಂಬದ ಹಾಗೆ ಮಾಡಿದ್ದು ನಾವು. ಹಾಗೆಂದು ಅವರಿಗೆ ಹೇಳಿದೆ. ಅಂಕಿ ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಹೊಸ ದೀಪವನ್ನು ಅವರು ಬಾಗಿಲಲ್ಲಿ ನಿಂತು ಒಮ್ಮೆ, ಕಿಟಕಿಯ ಹತ್ತಿರ ನಿಂತು ಒಮ್ಮೆ ನೋಡಿದರು. ಕಾಣುತ್ತದೆ ಎಂದು ತಲೆಯಾಡಿಸಿದರು. ಆಮೇಲೆ ಕೇಳಿದರು: "ಮುಂದೆ ಒಂದಿನ ಇದು ಆರಿಹೋದರೆ, ಕೆಟ್ಟದ್ದು ಯಂತ್ರವೋ ದೀಪವೋ ನನಗೆ ಹೇಗೆ ಗೊತ್ತಾಗಬೇಕು?"

ಏನಾದರೂ ಹೇಳಿ ದಾಟಿಸಬಹುದಿತ್ತು. "ಗೊತ್ತಾಗುವುದಿಲ್ಲ ಸಿಸ್ಟರ್," ಎಂದೆ. "ಹಸಿರು ಕಾಣದಿದ್ದರೆ ಯಂತ್ರ ನೋಡುತ್ತಿಲ್ಲ ಎಂದೇ ತಿಳಿದು ಥರ್ಮಾಮೀಟರ್ ಇಡಿ. ನಮಗೆ ಫೋನ್ ಮಾಡಿ."

"ಇದನ್ನು ಮೊದಲೇ ಹೇಳಿದ್ದರೆ ಸಾಕಿತ್ತು," ಎಂದರು ಅವರು. "ಬರೆದು ಅಂಟಿಸಿ ಕೊಡಿ. ನನ್ನ ಪಾಳಿಯಲ್ಲಿ ನಾನಿರುತ್ತೇನೆ, ಬೇರೆಯವರಿಗೂ ಬೇಕು."

ಅವರ ಟೇಬಲ್ಲಿನ ಮೇಲೆಯೇ ಕೂತು ಆರು ಚೀಟಿ ಬರೆದೆ, ಮರಾಠಿಯಲ್ಲಿ. ಒಂದು ಅಕ್ಷರ ತಪ್ಪಿದ್ದನ್ನು ಅವರೇ ತೋರಿಸಿದರು. ತಿದ್ದಿ, ಬ್ಯಾಂಡೇಜಿನ ಪಟ್ಟಿಯಿಂದ ಒಂದೊಂದು ಯಂತ್ರದ ಮೇಲೂ ಅಂಟಿಸಿದೆ. ಪೆಟ್ಟಿಗೆಯೊಳಗೆ ಒಂದು ಕೂಸು ಎಚ್ಚರಗೊಂಡು ಕೈ ಆಡಿಸುತ್ತಿತ್ತು. ಸಿಸ್ಟರ್ ಅದರ ಹೊಟ್ಟೆಯ ಮೇಲೆ ಮಣಿ ಅಂಟಿಸಿ, ಸ್ವಿಚ್ ಹಾಕಿ, ಹಸಿರು ಹತ್ತಿದ್ದನ್ನು ನಿಂತಲ್ಲಿಂದಲೇ ನೋಡಿ, ಮುಂದಿನ ಪೆಟ್ಟಿಗೆಯ ಕಡೆ ಹೋದರು.